ಅಮಾವಾಸ್ಯೆಯ ಕಾಗೆ

ನಮ್ಮ ಯಮನಪ್ಪನಿಗೆ ವಿಮಾನ ನಿಲ್ದಾಣದಲ್ಲಿ ಪಟಾಕಿ ಸಿಡಿಸಿ ಹಕ್ಕಿ ಓಡಿಸುವ ಕೆಲಸ. ಪಾಪ, ದೀಪಾವಳಿಗೆ ಮಾತ್ರ ಪಟಾಕಿ ಕೈಯಲ್ಲಿ ಹಿಡಿಯುವುದಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಬೆಳಗಿನಿಂದ ರನ್‌ವೇಯ ಮೇಲೆ ಒಂದು ಹಕ್ಕಿಯನ್ನೂ ಕೂರಗೊಡದೆ ಬೆವರಿದ್ದ. ಆದರೂ ಮೇಲೇರಿದ ವಿಮಾನ ಸುತ್ತು ಹಾಕಿ ಮರಳಿ ಇಳಿಯಿತು.

ಅಧಿಕಾರಿ ವಾಣಿಶ್ರೀ, ಪೈಲಟ್ ಕೊಟ್ಟ ವರದಿಯನ್ನು ಓದಿ ಹೇಳಿದರು: “ನೆಲ ಬಿಟ್ಟು ಮೇಲೇರುವಾಗ, ಸುಮಾರು ಇನ್ನೂರು ಅಡಿ ಎತ್ತರದಲ್ಲಿ ಬಲ ಎಂಜಿನ್ನಿಗೆ ಕಾಗೆ ಬಡಿಯಿತು. ಕಂಪನ ಹೆಚ್ಚಿತು, ಮರಳಿದೆವು. ಫ್ಯಾನಿನ ಎರಡು ಬ್ಲೇಡ್ ಬಾಗಿವೆ.”

“ಇನ್ನೂರು ಅಡಿ ಅಂದ್ರ ರನ್‌ವೇ ದಾಟಿ, ನಿಲ್ದಾಣದ ಗ್ವಾಡಿ ಹಂತ್ಯಾಕ ಆತಲ್ರಿ ಮೇಡಂ! ರನ್‌ವೇ ಮ್ಯಾಲ ಅಲ್ಲ!”

“ಅಷ್ಟ ಎತ್ತರದಾಗ ಆದ್ರೂ ನಮ್ಮ ಲೆಕ್ಕಕ್ಕ ಬರ್ತದ ಯಮನಪ್ಪ. ನಿಮಗ ನೋಟಿಸ್ ಬರ್ತದ. ಗ್ವಾಡಿ ಆಚಿ ಕಾಗಿ ಯಾಕ ಕೂಡಿದ್ವು, ನೋಡ್ಕೊಂಡ ಬರ್ರಿ.”

ಗೋಡೆಯಾಚೆ ಇದ್ದುದು ಅವನದೇ ಓಣಿ. ಮನೆಮನೆಯ ಮಾಳಿಗೆಯ ಮೇಲೆ ಹಿರಿಯರಿಗಿಟ್ಟ ಎಡೆ, ಸುತ್ತ ಕಾಗೆಗಳ ಗದ್ದಲ. ಬಾಗಿಲಲ್ಲಿ ಹೆಂಡತಿ ಗುಡ್ಡವ್ವ ಹಿಗ್ಗಿ ನಿಂತಿದ್ದಳು.

“ಈ ವರ್ಷ ಮಾವಾರು ಭಾಳ ಲಗೂ ಬಂದು ಉಂಡ ಹೋದ್ರ ನೋಡ್ರಿ! ಹಿಂಡನ್ನ ಕರ್ಕೊಂಡ ಬಂದಿದ್ರು!”

ಯಮನಪ್ಪ ಹಣೆ ಬಡಿದುಕೊಂಡ.

“ಹಂಗಾದ್ರ ನೋಟಿಸಿಗೆ ಉತ್ತರಾನೂ ನಮ್ಮಪ್ಪನ ಬರೀಲಿ!”