ಹುಳ ಹಣ್ಣಾದ ವಾರ ದೊಡ್ಡಮ್ಮ ಹಿಡಿದ ಹಟ

ಜಂಗಮಕೋಟೆಯ ನಮ್ಮ ದೊಡ್ಡಮ್ಮ ವೆಂಕಟರತ್ನಮ್ಮ ಯಾರ ಮಾತನ್ನೂ ಕೇಳುವವಳಲ್ಲ ಎಂದು ಊರು ಹೇಳುತ್ತದೆ. ಶುದ್ಧ ಸುಳ್ಳು. ಮದುವೆಯಾದಂದಿನಿಂದ ಅವಳು ಎಲ್ಲರ ಮಾತನ್ನೂ ಕೇಳಿಯೇ ಸವೆದವಳು. ಕೇಳದೆ ಹೋದದ್ದು ಒಂದೇ ಸಲ, ತೊಂಬತ್ತೆರಡನೇ ಇಸವಿಯಲ್ಲಿ. ಊರು ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡು ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ನಾನು ಹೋಗಿದ್ದೆ. ನೋವಿನ ಮಾತ್ರೆ ನುಂಗುತ್ತಾ, ಕುಡಿದರೆ ಏಳಬೇಕಲ್ಲ ಎಂದು ನೀರನ್ನೂ ಬಿಟ್ಟು ಮಲಗಿದವಳಿಗೆ ವಾರದಿಂದ ಹೊರಕಡೆಗೇ ಆಗಿರಲಿಲ್ಲ. ಊಟ ಸೇರುತ್ತಿರಲಿಲ್ಲ, ತಿಣುಕಿ ತಿಣುಕಿ ಕಣ್ಣಲ್ಲಿ ನೀರು. ಶಿಡ್ಲಘಟ್ಟದಿಂದ ಬಂದ ಡಾಕ್ಟರು ಪರೀಕ್ಷೆ ಮಾಡಿ, ಗಟ್ಟಿಯಾಗಿ ಕಟ್ಟಿಕೊಂಡಿದೆ ಎಂದು ರೆಡಿಮೇಡ್ ಎನಿಮಾದ ಎರಡು ಪ್ಲಾಸ್ಟಿಕ್ ಬಾಟಲಿ ಕೊಟ್ಟರು. ಕೊಡುವ ಬಗೆಯನ್ನು ಹೇಳಿ, ದಿನಕ್ಕೆ ಒಂದೇ, ಎರಡಕ್ಕೂ ಜಗ್ಗದಿದ್ದರೆ ಆಸ್ಪತ್ರೆಗೆ ತನ್ನಿ, ವಾಂತಿ ಶುರುವಾದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಹೋದರು.

ಆದರೆ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುತ್ತಿತ್ತು. ದೊಡ್ಡಪ್ಪನ ಅಕ್ಕ ಅಮ್ಮಾಜಮ್ಮ ಹುಳುಮನೆಯ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು.

"ಅದನ್ನ ಮುಟ್ಟಿದ ಕೈ ಹುಳಕ್ಕೆ ಆಗಿಬರಲ್ಲ. ಹಣ್ಣುಹುಳ ಆರಿಸಕ್ಕೆ ನಿನ್ನ ಸೊಸೆ ಬೇಕು. ಗೂಡು ಕಟ್ಟೋಗಂಟ ತಡ್ಕಳೇ ರತ್ನಮ್ಮ."

"ಹುಳಕ್ಕಿರೋ ಮರ್ಯಾದೆ ನನಗಿಲ್ವಾ ಅತ್ಗೆ?" ದೊಡ್ಡಮ್ಮ ಮಲಗಿದಲ್ಲಿಂದಲೇ ಕೂಗಿದಳು.

ನಾನು ಮಾಡ್ತೀನಿ ಎಂದೆ. ಬಾಗಿಲಾಚೆ ನಿಂತಿದ್ದ ದೊಡ್ಡಪ್ಪನ ಕಡೆ ಕೈ ತೋರಿಸಿ ನನ್ನನ್ನೂ ಗದರಿದಳು.

"ನೀನು ಸುಮ್ನಿರಮ್ಮ. ಇವರು ಮಾಡ್ಲಿ. ಇವರು ಉಂಡ ತಟ್ಟೆ ಎತ್ತಿದೀನಿ, ಜ್ವರ ಬಂದಾಗ ವಾಂತಿ ಬಾಚಿದೀನಿ. ಒಂದು ಸಲ ನನಗೆ ಇವರು ಮಾಡ್ಲಿ. ಇಲ್ಲಾಂದ್ರೆ ಹೊಟ್ಟೆ ಒಡ್ಕೊಂಡು ಸಾಯ್ತೀನಿ."

ದೊಡ್ಡಪ್ಪ ನರಸಿಂಹಪ್ಪ ಕುಡಿದ ಲೋಟವನ್ನೂ ಇಟ್ಟ ಜಾಗದಿಂದ ಕದಲಿಸಿದವರಲ್ಲ. ಎಲ್ಲರ ಮುಖ ನೋಡಿದರು. ಆಮೇಲೆ ಬಾಟಲಿ ತೆಗೆದುಕೊಂಡು ಒಳಗೆ ಬಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಬಾಗಿಲನ್ನು ಬೇಕೆಂದೇ ದಡಾರನೆ ಹಾಕಿದೆ.

ಮೊದಲ ದಿನ ಕೆಡಿಸಿದರು. ಎತ್ತಿಗೆ ಬಿದಿರ ಗೊಟ್ಟದಲ್ಲಿ ಔಷಧಿ ಹೊಯ್ದು ರೂಢಿಯಾದ ಕೈ. ಒಂದೇ ಸಲಕ್ಕೆ ಹಿಂಡಿಬಿಟ್ಟರು. ಒಳಗೆ ಹೋದದ್ದು ಹೋದಷ್ಟೇ ಬೇಗ ಬರೀ ನೀರಾಗಿ ಈಚೆ ಬಂತು.

"ನಾನೇನು ನಿಮ್ಮ ಎತ್ತಾ?" ಎಂದಳು ದೊಡ್ಡಮ್ಮ. ಹೊರಗೆ ಅಮ್ಮಾಜಮ್ಮ ನಕ್ಕದ್ದು ನಮಗೆ ಕೇಳಿಸಿತು. ಇನ್ನು ಉಳಿದದ್ದು ಒಂದು ಬಾಟಲಿ. ಅದೂ ಹಾಳಾದರೆ ಆ ಸೊಂಟ ಹೊತ್ತುಕೊಂಡು ಆಸ್ಪತ್ರೆ, ಯಾರೋ ಬೆರಳು ಹಾಕಿ ತೆಗೆಯಬೇಕು. ದೊಡ್ಡಮ್ಮನಿಗೆ ಸಾವಿಗಿಂತ ಅದರದೇ ಭಯ.

ಮಾರನೆಯ ದಿನ ದೊಡ್ಡಪ್ಪ ಡಾಕ್ಟರ ಮಾತನ್ನು ಒಂದೊಂದಾಗಿ ನನ್ನ ಬಾಯಲ್ಲಿ ಹೇಳಿಸಿಕೊಂಡರು. ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಮಂಡಿಗಳನ್ನು ಹೊಟ್ಟೆಯ ಕಡೆ ಮಡಿಸಿ, ಕೆಳಗೆ ಹಳೇ ಸೀರೆ ಹಾಸಿದರು. ಮುಚ್ಚಳ ತೆಗೆದು ಮೂತಿಗೆ ವ್ಯಾಸಲೀನ್ ಸವರಿದರು. ಉಸಿರು ಬಿಡು ಎಂದು ಹೇಳಿ, ಹೊಕ್ಕುಳಿನ ದಿಕ್ಕಿಗೆ ಮೆಲ್ಲಗೆ, ಒತ್ತಾಯವಿಲ್ಲದೆ ಒಳಗಿಟ್ಟರು. ಬಾಟಲಿಯನ್ನು ತಳದಿಂದ ಸುತ್ತುತ್ತಾ ನಿಧಾನವಾಗಿ ಹಿಂಡಿದರು. ಹೋದದ್ದು ಮತ್ತೆ ಬಾಟಲಿಗೆ ಬಾರದಿರಲೆಂದು ಹಿಂಡಿದ ಮುಷ್ಟಿ ಸಡಿಲಿಸದೆಯೇ ಹೊರತೆಗೆದರು.

"ಬರ್ತಾ ಇದೆ, ಏಳಿಸಿ," ಎಂದಳು.

"ಇನ್ನೊಸಿ ತಡ್ಕೋ."

"ಆಗಲ್ಲ."

"ಆಗ್ತದೆ. ಹುಳ ಈ ಸಲ ಚೆನ್ನಾಗಿ..."

"ಹುಳದ ಮಾತೆತ್ತಿದ್ರೆ ಈಗ್ಲೇ ಬಿಟ್ಬಿಡ್ತೀನಿ!"

ದೊಡ್ಡಪ್ಪ ಹುಳದ ಮಾತು ಬಿಟ್ಟರು. ಅವಳ ಕೈ ಹಿಡಿದುಕೊಂಡರು. "ತಡ್ಕೋ ರತ್ನ," ಎಂದರು. ಲೇ, ಇವಳೇ ಎಂಬುದನ್ನು ಬಿಟ್ಟು ಅವರ ಬಾಯಲ್ಲಿ ಅವಳ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ದೊಡ್ಡಮ್ಮ ಹಲ್ಲು ಕಚ್ಚಿ ಮಲಗಿದಳು. ಗೋಡೆಯ ಗಡಿಯಾರದ ದೊಡ್ಡ ಮುಳ್ಳು ಒಂದು ಅಂಕಿ ದಾಟಿತು. ಇನ್ನು ಸಾಧ್ಯವೇ ಇಲ್ಲ ಎಂದಾಗ ಬೆಡ್‌ಪಾನ್ ಇಟ್ಟೆವು.

ಆಯಿತು. ಕಲ್ಲಿನ ಹಾಗಿದ್ದದ್ದು ಮೊದಲು, ಉಳಿದದ್ದು ಆಮೇಲೆ. ಅವಳು ಅಳುತ್ತಾ ನಗುತ್ತಿದ್ದಳು. ನಾನೂ ಅತ್ತೆ.

ಪಾನ್ ಎತ್ತಿಕೊಳ್ಳಲು ನಾನು ಬಗ್ಗಿದೆ. ದೊಡ್ಡಪ್ಪ ನನ್ನ ಕೈ ಸರಿಸಿ, ಬಟ್ಟೆ ಮುಚ್ಚಿ ತಾವೇ ಎತ್ತಿಕೊಂಡರು. ಹಿತ್ತಲಿಗೆ ಹೋಗುವುದಾದರೆ ಹುಳುಮನೆಯ ಮುಂದೆಯೇ ಹೋಗಬೇಕು. ಸೊಪ್ಪು ತಂದ ಆಳುಗಳು, ಸೊಸೆ, ಪಕ್ಕದ ಮನೆಯವರು ಎಲ್ಲರೂ ಅಲ್ಲೇ ಇದ್ದರು. ಅಮ್ಮಾಜಮ್ಮ ದಾರಿಗೆ ಅಡ್ಡ ನಿಂತಳು.

"ಗಂಡಸಾಗಿ ಇದೇನೋ ನಿನ್ನ ಕರ್ಮ? ಹುಳ ಕೆಟ್ರೆ?"

"ಕೆಟ್ರೆ ಕೆಡ್ಲಿ. ದಾರಿ ಬಿಡಕ್ಕ."

ಅವಳು ಸರಿದಳು. ದೊಡ್ಡಪ್ಪ ತಲೆಯೆತ್ತಿಕೊಂಡು ಅಷ್ಟೂ ಜನರ ನಡುವೆ ಹಾದುಹೋದರು. ಆಗ ಕೋಣೆಯೊಳಗಿಂದ, ವಾರದಿಂದ ನರಳುವುದನ್ನೂ ರೇಗುವುದನ್ನೂ ಕೇಳಿದ್ದ ಆ ಮನೆಗೆಲ್ಲ ಕೇಳುವಂತೆ ದೊಡ್ಡಮ್ಮನ ದನಿ ಬಂತು:

"ಚೆನ್ನಾಗಿ ಉಜ್ಜಿ ತೊಳ್ದು ತನ್ನೀ!"