ತವರಲ್ಲೇ ಉಳಿದ ವೋಟರ್ ಕಾರ್ಡು

ರೊಟ್ಟಿ ಬಡಿಯುತ್ತಿದ್ದಾಗ ಮಗಳ ಫೋನ್ ಬಂತು. ಶಿಕ್ಷಕರ ಪರೀಕ್ಷೆ ಬರೆಯಲೆಂದು ಮಾನ್ವಿಯ ಗಂಡನ ಮನೆಯಿಂದ ಬೆಳಗಿನ ಬಸ್ಸಿಗೆ ಬಂದವಳು, ನಮ್ಮೂರು ರಾಯಚೂರಿನ ಪರೀಕ್ಷಾ ಕೇಂದ್ರದ ಗೇಟಿನಲ್ಲೇ ನಿಂತಿದ್ದಳು.

"ಯವ್ವಾ, ಹಾಲ್ ಟಿಕೆಟ್‌ನಾಗ ನಮ್ಮ ಮನಿ ಅಡ್ಡಹೆಸರು ಅದ, ಆಧಾರ್‌ನಾಗ ಅತ್ತಿಮನಿದು. ಒಳಗ ಬಿಡವಲ್ರು."

ಅರ್ಜಿಯಲ್ಲಿ ಹತ್ತನೇ ತರಗತಿಯ ಅಂಕಪಟ್ಟಿಯಂತೆ ಹೆಸರು ಬರೆದಿದ್ದಳು. ಆಧಾರನ್ನು ಮದುವೆಯಾದ ಮೇಲೆ ಬೀಗರು ತಿದ್ದಿಸಿದ್ದರು. ಹಾಲ್ ಟಿಕೆಟ್‌ನಲ್ಲಿರುವ ಹೆಸರಿನದೇ ಬೇರೊಂದು ಗುರುತಿನ ಚೀಟಿಯನ್ನು ಗೇಟು ಮುಚ್ಚುವುದರೊಳಗೆ ತರಬೇಕು, ಮೊಬೈಲಿನ ಫೋಟೊ ನಡೆಯದು ಎಂದರಂತೆ.

ಅವಳ ವೋಟರ್ ಕಾರ್ಡು ನಮ್ಮ ದೇವರ ಜಗುಲಿಯ ಮೇಲೇ ಇತ್ತು. ಅದನ್ನು ಮಾನ್ವಿಗೆ ವರ್ಗ ಮಾಡಿಸಲು ನಾನು ಬಿಟ್ಟಿರಲಿಲ್ಲ. ಚುನಾವಣೆಯ ನೆಪದಲ್ಲಾದರೂ ಮಗಳು ತವರಿಗೆ ಬರಲಿ ಎಂಬ ಆಸೆ. ಒಲೆ ಆರಿಸಿ, ಹಿಟ್ಟಿನ ಕೈ ಒರೆಸಿಕೊಂಡು ಹೊರಟೆ. ಓಣಿಯ ತುದಿಯಲ್ಲೇ ಆಟೊ ಸಿಕ್ಕಿದ್ದು ಶಿವನ ದಯೆ.

ಗೇಟಿನಲ್ಲಿದ್ದ ಮೇಡಂ ಕಾರ್ಡನ್ನೂ ಹಾಲ್ ಟಿಕೆಟ್ಟನ್ನೂ ಮಗಳ ಮುಖವನ್ನೂ ನೋಡಿದರು.

"ಇದು ಸರಿ ಅದ. ಮೊದಲೇ ತರಬೇಕಿಲ್ಲೇನವ್ವಾ?"

"ತವರಮನ್ಯಾಗ ಇತ್ರೀ, ಮೇಡಂ."

"ಛಲೋ ಆತು ಬಿಡು, ತವರಾಗರೆ ನಿನ್ನ ಹಳೇ ಹೆಸರು ಇಟ್ಕೊಂಡಾರ. ನಡಿ, ಗೇಟ್ ಹಾಕ್ತಾರ."

ಮಗಳು ಹಿಂತಿರುಗಿ ನೋಡದೆ ಒಳಗೆ ಓಡಿದಳು. ಅವಳ ಹಿಂದೆಯೇ ಗೇಟು ಮುಚ್ಚಿತು. ನಾನು ಅಲ್ಲೇ ನಿಂತು ಕೈಮುಗಿದೆ.

ಮನೆಗೆ ಬಂದಾಗ ನಾದಿಟ್ಟ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಬಿಸಿನೀರು ಚಿಮುಕಿಸಿ ಮತ್ತೆ ನಾದಿದೆ. ಪರೀಕ್ಷೆ ಮುಗಿಸಿ ಅವಳು ಊಟಕ್ಕೆ ಇಲ್ಲಿಗೇ ಬರುವವಳಿದ್ದಳು.