ಹದಿನೈದು ವರ್ಷ ಬಾಳುವ ಯಂತ್ರಗಳು

ನಮ್ಮ ಹಣಕಾಸು ಮುಖ್ಯಸ್ಥರು ಲೆಕ್ಕಪತ್ರ ನೋಡಿಕೊಳ್ಳುವ ನನ್ನಿಂದ ಏನಾದರೂ ಆಗಬೇಕಿದ್ದಾಗ ಮಾತ್ರ ‘ಅಕ್ಕಾ’ ಎನ್ನುತ್ತಿದ್ದರು; ಉಳಿದ ದಿನಗಳಲ್ಲಿ ನಾನು ‘ಮೇಡಂ’. ಹಿಂದಿನ ವರ್ಷ ತಮ್ಮದೇ ತಪ್ಪೊಂದನ್ನು ನನ್ನ ತಲೆಗೆ ಕಟ್ಟಿ, ನಿರ್ದೇಶಕರ ಎದುರು “ಮೇಡಂಗೆ ವಯಸ್ಸಾಯ್ತು, ಪಾವಂ” ಎಂದು ನಕ್ಕಿದ್ದರು. ನನ್ನ ಬಡ್ತಿ ಅಲ್ಲಿಗೆ ಮುಗಿಯಿತು. ‘ಪಾಪ’ ಎನ್ನುವ ಆ ತಮಿಳು ‘ಪಾವಂ’ ಅನ್ನು ಮಾತ್ರ ನಾನು ಮರೆಯಲಿಲ್ಲ.

ಚೆನ್ನೈನ ತಿರುವೊಟ್ಟಿಯೂರಿನಲ್ಲಿರುವ ನಮ್ಮ ಕಾರ್ಖಾನೆಗೆ ಸಮುದ್ರ ಕೂಗಳತೆಯ ದೂರ. ಉಪ್ಪುಗಾಳಿಗೆ ಕಿಟಕಿಯ ಸರಳುಗಳೇ ಪುಡಿಯಾಗುತ್ತವೆ. ಈ ಸಲ ಲಾಭ ಕಡಿಮೆಯೆಂದು ಗೊತ್ತಾದಾಗ ಮುಖ್ಯಸ್ಥರು ನನ್ನ ಮೇಜಿಗೆ ಬಂದರು.

“ಅಕ್ಕಾ, ಮಷೀನ್‌ಗಳ ಆಯುಷ್ಯ ಹತ್ತು ವರ್ಷ ಅಂತ ಹಾಕಿದೀವಲ್ಲ, ಹದಿನೈದು ಮಾಡ್ಬಿಡಿ. ಸವಕಳಿ ಇಳಿಯುತ್ತೆ, ಲಾಭ ಏರುತ್ತೆ. ಎಲ್ಲಾ ರೂಲ್ಸ್ ಒಳಗೇ ತಾನೇ.”

ಅದು ಸುಳ್ಳಲ್ಲ. ಯಂತ್ರದ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಹಂಚಿ ಪ್ರತಿವರ್ಷ ಲಾಭದಿಂದ ಕಳೆಯುವುದೇ ಸವಕಳಿ; ಎಷ್ಟು ಕಾಲ ಬಾಳುತ್ತದೆ ಎನ್ನುವುದು ಅಂದಾಜು. ತಜ್ಞರ ಆಧಾರವಿದ್ದರೆ, ಬದಲಿಸಿದ್ದನ್ನು ಲೆಕ್ಕಪತ್ರದಲ್ಲಿ ಬಿಚ್ಚಿ ಹೇಳಿದರೆ, ಅಲ್ಲಿಂದ ಮುಂದಕ್ಕೆ ಬದಲಿಸಬಹುದು. ಹಿಂದೊಮ್ಮೆ ನಾನೇ ಹಾಗೆ ಮಾಡಿದ್ದೆ. ನಂಬಿ ಮಾಡಿದ ಅಂದಾಜು ಆಮೇಲೆ ತಪ್ಪಾದರೂ ಅದು ಮೋಸವಲ್ಲ.

ವಾರದ ನಂತರ ನಿರ್ವಹಣಾ ವಿಭಾಗದ ಎಂಜಿನಿಯರ್ ಮುಖ ಗಂಟಿಕ್ಕಿಕೊಂಡು ಬಂದು ತಮ್ಮ ವರದಿಯ ಪ್ರತಿಯೊಂದನ್ನು ಕೊಟ್ಟರು. ಮುಖ್ಯಸ್ಥರೇ ಕೇಳಿ ಬರೆಸಿದ್ದು: ಯಂತ್ರಗಳಿಗೆ ತುಕ್ಕು ಹಿಡಿದಿದೆ, ಒಟ್ಟು ಎಂಟು ವರ್ಷ ಬಾಳಿದರೆ ಹೆಚ್ಚು. ಅದನ್ನು ಮುಚ್ಚಿಟ್ಟು, ಕಾರ್ಖಾನೆಗೆ ಕಾಲೇ ಇಡದ ಸಲಹೆಗಾರನೊಬ್ಬನಿಂದ ಹದಿನೈದು ಎಂದು ಬರೆಸಿಕೊಂಡಿದ್ದರು. ಗೆರೆ ದಾಟಿದ್ದು ಅಲ್ಲಿ.

ಅಂದೇ ನಾನದನ್ನು, ವರ್ಷದ ಲೆಕ್ಕ ಪರಿಶೀಲಿಸಲು ಹೊರಗಿನಿಂದ ಬಂದಿದ್ದ ಲೆಕ್ಕಪರಿಶೋಧಕಿಗೆ ಕೊಡಬೇಕಿತ್ತು. ಕೊಟ್ಟಿದ್ದರೆ ‘ಕಣ್ತಪ್ಪಿ ಉಳಿದುಹೋಗಿತ್ತು’ ಎಂದು ಮುಖ್ಯಸ್ಥರು ಜಾರಿಕೊಳ್ಳುತ್ತಿದ್ದರು. ಅವರು ಜಾರಿಕೊಳ್ಳುವುದು ನನಗೆ ಬೇಕಿರಲಿಲ್ಲ. ಹನ್ನೊಂದು ದಿನ ಆ ವರದಿ ಊಟದ ಚೀಲದಲ್ಲಿ, ಮೊಸರನ್ನದ ಡಬ್ಬಿಯ ಪಕ್ಕದಲ್ಲಿ, ಮೈಲಾಪೂರ್‌ನ ನನ್ನ ಮನೆಗೂ ಕಾರ್ಖಾನೆಗೂ ಓಡಾಡಿತು. ಹದಿನೈದು ವರ್ಷದ ಸವಕಳಿ ಪಟ್ಟಿಯನ್ನು ನಾನೇ ಹಾಕಿಕೊಟ್ಟೆ, ನಗುನಗುತ್ತಾ.

ಪರಿಶೋಧನೆಯ ಕೊನೆಯ ದಿನ ಪರಿಶೋಧಕಿಗೆ ಆಡಳಿತದ ಪತ್ರ ಹೋಗಬೇಕು: ‘ಸಂಬಂಧಪಟ್ಟ ದಾಖಲೆಗಳನ್ನೆಲ್ಲ ನಿಮಗೆ ಒದಗಿಸಿದ್ದೇವೆ.’ ಮುಖ್ಯಸ್ಥರು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುವವರೆಗೂ ಕಾದೆ. ಆಮೇಲೆ ಪರಿಶೋಧಕಿಯ ಕೋಣೆಗೆ ಹೋಗಿ ವರದಿಯನ್ನು ಅವರ ಮುಂದಿಟ್ಟೆ. ಲೆಕ್ಕಪತ್ರದ ಮೇಲೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

ಎರಡು ಸಲ ಓದಿದರು. “ಇದು ನಿಮ್ಮ ಕೈಗೆ ಯಾವಾಗ ಬಂತು ಮೇಡಂ?”

“ಇವತ್ತು ಬೆಳಿಗ್ಗೆ” ಎಂದೆ.

ಅವರು ಹಾಗೆಯೇ ಬರೆದುಕೊಂಡರು.

ಲೆಕ್ಕ ತಿದ್ದಲಾಯಿತು, ಏರಿಸಿದ್ದ ಲಾಭ ಇಳಿಯಿತು. ಸುಳ್ಳು ಪತ್ರಕ್ಕೆ ಸಹಿ ಮಾಡಿದ್ದಕ್ಕಾಗಿ ಮುಖ್ಯಸ್ಥರು ತಿಂಗಳೊಳಗೆ ಕೆಲಸ ಬಿಡಬೇಕಾಯಿತು. ಹೋಗುವ ದಿನ ನನ್ನ ಮೇಜಿನ ಬಳಿ ನಿಂತರು.

“ಅಕ್ಕಾ, ಒಂದ್ ಮಾತು ನನ್ಹತ್ರ ಹೇಳ್ಬಹುದಿತ್ತಲ್ಲ.”

“ಪಾವಂ” ಎಂದೆ.

ಅಷ್ಟು ಸುಖ ನನಗೆ ಯಾವ ಬಡ್ತಿಯೂ ಕೊಡುತ್ತಿರಲಿಲ್ಲ. ಪಶ್ಚಾತ್ತಾಪವಿಲ್ಲ. ಆದರೆ ಪರಿಶೋಧಕಿಯ ಕಡತದಲ್ಲಿ ನನ್ನ ‘ಇವತ್ತು ಬೆಳಿಗ್ಗೆ’ ಇನ್ನೂ ಹಾಗೆಯೇ ಇದೆ, ನನ್ನ ಹೆಸರಿನ ಕೆಳಗೆ.